63 ಪುಟದಿಂದ 39ಕ್ಕೆ: ಒಂದು ಟೆಂಡರ್ ಉತ್ತರದ ದುರಸ್ತಿ

ಮಂಗಳೂರಿನ ಹೊರವಲಯದ ಒಂದು ವಸತಿ ಕಾಲೇಜು ತನ್ನ ಕೊಳಚೆ ನೀರು ಶುದ್ಧೀಕರಣ ಘಟಕವನ್ನು ಮೂರು ವರ್ಷ ನಡೆಸಿಕೊಡುವವರಿಗಾಗಿ ಟೆಂಡರ್ ಕರೆದಿತ್ತು. ಘಟಕದ ಸಾಮರ್ಥ್ಯ ದಿನಕ್ಕೆ 400 ಕಿಲೋಲೀಟರ್. ನಮ್ಮ ಊರಿನದೇ ಒಂದು ಸಣ್ಣ ಸಂಸ್ಥೆ ಉತ್ತರ ಸಿದ್ಧಪಡಿಸಿ, ಕೊನೆಯ ಹಂತದ ತಿದ್ದುಪಡಿಗೆ ನನ್ನ ಕೈಗೆ ಕೊಟ್ಟಿತು. ಕೆಲಸ ಬಲ್ಲ ಜನ. ಘಟಕ ನಡೆಸುವುದರಲ್ಲಿ ಅವರ ಬಗ್ಗೆ ಯಾವ ಅನುಮಾನವೂ ಇರಲಿಲ್ಲ. ಆದರೆ ಕಾಗದದ ಮೇಲೆ ಅವರೇ ಅವರ ಮಾತನ್ನು ಕತ್ತರಿಸುತ್ತಿದ್ದರು. ಆ ಕಡತವನ್ನು ಬಿಚ್ಚಿ ಮತ್ತೆ ಜೋಡಿಸಿದ ಬಗೆಯನ್ನು ಕ್ರಮವಾಗಿ ಬರೆದಿಡುತ್ತಿದ್ದೇನೆ. ಮೂಲ ಕಡತ ಇಂಗ್ಲಿಷಿನಲ್ಲಿತ್ತು. ಉದಾಹರಣೆಗಳನ್ನು ಕನ್ನಡದಲ್ಲೇ ಕೊಡುತ್ತೇನೆ.

ಟೆಂಡರಿನ ನಿಯಮ ಸ್ಪಷ್ಟವಾಗಿತ್ತು. ಎರಡು ಲಕೋಟೆ: ಒಂದರಲ್ಲಿ ತಾಂತ್ರಿಕ ಉತ್ತರ, ಇನ್ನೊಂದರಲ್ಲಿ ದರ. ತಾಂತ್ರಿಕ ವಿವರಣೆ ಎ4 ಹಾಳೆಯಲ್ಲಿ, ಗೊತ್ತುಮಾಡಿದ ಅಂಚು ಬಿಟ್ಟು, 11 ಪಾಯಿಂಟ್ ಅಕ್ಷರದಲ್ಲಿ, 40 ಪುಟ ಮೀರಬಾರದು; 41ನೆಯ ಪುಟದಿಂದ ಮುಂದಿನದನ್ನು ಓದುವುದಿಲ್ಲ. ಷರತ್ತುಗಳಿಗೆ ಒಂದೊಂದಾಗಿ ಉತ್ತರಿಸುವ ಅನುಸರಣೆ ಪಟ್ಟಿ, ಪ್ರಮಾಣಪತ್ರಗಳು ಮತ್ತು ನಮೂನೆಗಳು ಈ ಲೆಕ್ಕದಿಂದ ಹೊರಗೆ. ಅಂಕಗಳ ಹಂಚಿಕೆಯೂ ಅಲ್ಲೇ ಇತ್ತು: ನಿರ್ವಹಣಾ ವಿಧಾನಕ್ಕೆ 40, ಸಿಬ್ಬಂದಿಗೆ 25, ಮಳೆಗಾಲದ ಯೋಜನೆಗೆ 20, ಅನುಭವಕ್ಕೆ 15. ಜೊತೆಗೆ ಹಲವರು ಓದದೆ ದಾಟಿಬಿಡುವ ಒಂದು ಸಾಲು: ಗೆದ್ದವರ ತಾಂತ್ರಿಕ ಉತ್ತರವು ಒಪ್ಪಂದದ ಭಾಗವಾಗುತ್ತದೆ. ನನ್ನ ಇಡೀ ಕೆಲಸಕ್ಕೆ ಈ ಸಾಲೇ ಬುನಾದಿ. ಮೆಚ್ಚಿಸಲು ಬರೆದ ವಾಕ್ಯವೂ ಸಹಿ ಬಿದ್ದ ದಿನ ಬಾಧ್ಯತೆಯಾಗುತ್ತದೆ.

ಕೈಗೆ ಬಂದ ವಿವರಣೆ 63 ಪುಟವಿತ್ತು. ಎಲ್ಲರೂ ಕೇಳಿದ್ದು ಒಂದೇ: 23 ಪುಟ ಎಲ್ಲಿ ಕಡಿಯುವುದು? ನಾನು ಅದಕ್ಕೆ ಕೈ ಹಾಕಲಿಲ್ಲ. ಮೊದಲು ಕಡಿಯಲು ಹೊರಟರೆ, ಎರಡು ಕಡೆ ಎರಡು ಬಗೆಯಾಗಿ ಬರೆದ ಸಂಗತಿಯಲ್ಲಿ ಸರಿಯಾದದ್ದು ಹೋಗಿ ತಪ್ಪಾದದ್ದು ಉಳಿಯುವ ಅಪಾಯವಿದೆ. ಹಾಗಾಗಿ ಸಂಗತಿಗಳನ್ನು ಗಟ್ಟಿ ಮಾಡುವುದು ಮೊದಲು, ಅನುಸರಣೆ ಪಟ್ಟಿ ಆಮೇಲೆ, ಕತ್ತರಿ ಮೂರನೆಯದು, ಪುಟಸಂಖ್ಯೆಯ ಉಲ್ಲೇಖಗಳು ಕೊನೆಗೆ ಎಂದು ಗೊತ್ತುಮಾಡಿಕೊಂಡೆ.

ಸಂಗತಿಗಳ ಹಾಳೆ

ಉತ್ತರದಲ್ಲಿ ಬರುವ ಪ್ರತಿಯೊಂದು ಸಂಖ್ಯೆ, ಗಡುವು ಮತ್ತು ಹೊಣೆಯನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡೆ. ಮೂರು ಕಾಲಮ್ ಸಾಕು: ಸಂಗತಿ, ಟೆಂಡರ್ ಕೇಳಿದ್ದು, ನಾವು ಕೊಡುವುದು. ಕಡತದಲ್ಲಿ ಎಲ್ಲೆಲ್ಲಿ ಏನೇನಿದೆ ಎಂದು ಹುಡುಕಲು ಪಿಡಿಎಫ್‌ನಿಂದ ಪಠ್ಯವನ್ನು ಹೊರತೆಗೆದೆ:

```
pdftotext -layout bid.pdf bid.txt
grep -n -i -E "(two|three|four|[0-9]+) *(hours?|hrs|operators?|%)" bid.txt
```

ಅಂಕಿಯ ಜೊತೆಗೆ ಅಕ್ಷರದಲ್ಲಿ ಬರೆದ ಸಂಖ್ಯೆಯನ್ನೂ ಹುಡುಕುವುದು ಮುಖ್ಯ. ಒಬ್ಬರು 2 ಎಂದು ಬರೆದದ್ದನ್ನು ಇನ್ನೊಬ್ಬರು ಅಕ್ಷರದಲ್ಲಿ ಬರೆದಿರುತ್ತಾರೆ. ಸ್ಕ್ಯಾನ್ ಮಾಡಿ ಸೇರಿಸಿದ ಪುಟಗಳೂ ಚಿತ್ರವಾಗಿ ಅಂಟಿಸಿದ ಕೋಷ್ಟಕಗಳೂ ಈ ಹುಡುಕಾಟಕ್ಕೆ ಸಿಗುವುದಿಲ್ಲ. ಅವನ್ನು ಕಣ್ಣಿನಿಂದಲೇ ಓದಬೇಕು. ಈ ಕಡತದಲ್ಲಿ ಸಿಬ್ಬಂದಿಯ ಕೋಷ್ಟಕ ಚಿತ್ರವಾಗಿತ್ತು. ಅತಿ ದೊಡ್ಡ ವಿರೋಧಾಭಾಸ ಕುಳಿತಿದ್ದದ್ದೂ ಅದರೊಳಗೆ.

ಟೆಂಡರ್ ದಿನದ 24 ಗಂಟೆಯೂ ಪ್ರತಿ ಪಾಳಿಯಲ್ಲಿ ಒಬ್ಬ ಆಪರೇಟರ್ ಇರಬೇಕು ಎಂದಿತ್ತು. ಅನುಸರಣೆ ಪಟ್ಟಿ ಅದನ್ನು ಒಪ್ಪಿಕೊಂಡಿತ್ತು. ಕೋಷ್ಟಕದಲ್ಲಿ ಮಾತ್ರ ಮೂವರು ಆಪರೇಟರುಗಳು. ಸಂಸ್ಥೆಯ ವ್ಯವಸ್ಥಾಪಕರು ನನ್ನನ್ನೇ ಕೇಳಿದರು: "ಮೂರು ಪಾಳಿ, ಮೂರು ಜನ. ಸರಿಯಾಯಿತಲ್ಲ ಮಾರಾಯರೇ?"

ಇಲ್ಲ. ವಾರಕ್ಕೆ ಏಳು ದಿನ, ದಿನಕ್ಕೆ ಮೂರು ಪಾಳಿ, ಒಟ್ಟು 21 ಪಾಳಿ. ವಾರದ ರಜೆ ಕಳೆದರೆ ಒಬ್ಬರು ಮಾಡುವುದು ಆರು ಪಾಳಿ; ಮೂವರು 18 ಪಾಳಿ. ಪ್ರತಿ ವಾರ ಮೂರು ಪಾಳಿ ಖಾಲಿ ಉಳಿಯುತ್ತವೆ. ಅದೇ ಕಡತದ ಇನ್ನೊಂದು ಪುಟದಲ್ಲಿ ಕಾರ್ಮಿಕ ಕಾನೂನುಗಳನ್ನು ಪೂರ್ತಿ ಪಾಲಿಸುತ್ತೇವೆ ಎಂಬ ವಾಗ್ದಾನವಿತ್ತು. ಮೌಲ್ಯಮಾಪಕರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಒಂದೋ ಪಾಳಿ ಖಾಲಿ ಇರುತ್ತದೆ ಇಲ್ಲವೇ ರಜೆ ಕೊಡುವುದಿಲ್ಲ ಎಂದೇ ತೀರ್ಮಾನಿಸಬೇಕಾಗುತ್ತದೆ. ನಾಲ್ವರಿದ್ದರೆ 24 ಪಾಳಿ ಸಿಗುತ್ತದೆ. 21 ತುಂಬಿ, ಕಾಯಿಲೆ ಮತ್ತು ಊರಿನ ಕೋಲ-ಜಾತ್ರೆಗಳ ರಜೆಗೆಂದು ಮೂರು ಉಳಿಯುತ್ತದೆ. ಹಾಳೆಯಲ್ಲಿ ನಾಲ್ಕು ಎಂದು ಬರೆದು, ದರದ ಲೆಕ್ಕ ಹಾಕಿದ ಮೇಡಂ ಅವರನ್ನು ಕರೆದು ಕೇಳಿದೆ. ಅವರು ಮೊದಲಿನಿಂದಲೂ ನಾಲ್ವರ ಸಂಬಳವನ್ನೇ ಹಿಡಿದಿದ್ದರು! ದರದ ಲಕೋಟೆ ಸರಿಯಾಗಿತ್ತು, ತಾಂತ್ರಿಕ ಲಕೋಟೆ ತಪ್ಪಾಗಿತ್ತು. ಯಾರೂ ಎರಡನ್ನೂ ಒಟ್ಟಿಗೆ ಓದಿರಲಿಲ್ಲ.

ಎರಡನೆಯದು ತಿದ್ದೋಲೆಯಿಂದ ಬಂದ ತೊಡಕು. ಮೂಲ ಟೆಂಡರಿನಲ್ಲಿ ಕೆಟ್ಟುಹೋದಾಗ ಸ್ಥಳಕ್ಕೆ ಬರಲು ನಾಲ್ಕು ಗಂಟೆಯ ಅವಕಾಶವಿತ್ತು. ಪ್ರಿ-ಬಿಡ್ ಸಭೆಯ ನಂತರ ಹೊರಟ ತಿದ್ದೋಲೆ ಅದನ್ನು ಎರಡು ಗಂಟೆಗೆ ಇಳಿಸಿತು. ಅನುಸರಣೆ ಪಟ್ಟಿ ಬರೆದವರು ತಿದ್ದೋಲೆ ನೋಡಿ ಎರಡು ಎಂದರು. ವಿಧಾನದ ಅಧ್ಯಾಯ ಅದಕ್ಕಿಂತ ಮೊದಲೇ ಬರೆದದ್ದು, ಅಲ್ಲಿ ನಾಲ್ಕೇ ಉಳಿದಿತ್ತು. ಮುಖಪತ್ರದಲ್ಲಿ "ತಕ್ಷಣ" ಎಂದಿತ್ತು. ಮೂರನೆಯದು ನನಗೆ ಹೆಚ್ಚು ಅಪಾಯಕಾರಿಯಾಗಿ ಕಂಡಿತು. ತಕ್ಷಣ ಎಂಬುದಕ್ಕೆ ಗಡಿಯಾರವಿಲ್ಲ. ಜಗಳ ಬಂದಾಗ ಅದನ್ನು ಯಾರು ಹೇಗೆ ಬೇಕಾದರೂ ಅರ್ಥ ಮಾಡಬಹುದು.

ಮುಖಪತ್ರದಲ್ಲಿಯೇ ಇನ್ನೊಂದು ಮಾತಿತ್ತು: ಘಟಕ ತಿಂಗಳ 99 ಶೇಕಡಾ ಸಮಯ ಚಾಲನೆಯಲ್ಲಿರುತ್ತದೆ. ಟೆಂಡರ್ ಕೇಳಿದ್ದು 95. ಹೆಚ್ಚು ಹೇಳಿದರೆ ಅಂಕ ಹೆಚ್ಚು ಬರಬಹುದು ಎಂಬ ಆಸೆಯಿಂದ ಬರೆದದ್ದು. 30 ದಿನದ ತಿಂಗಳಿಗೆ 720 ಗಂಟೆ. 95 ಶೇಕಡಾ ಎಂದರೆ 36 ಗಂಟೆ ನಿಲ್ಲಬಹುದು; 99 ಎಂದರೆ ಏಳು ಗಂಟೆ, ಅದರ ಮೇಲೆ ಹನ್ನೆರಡು ನಿಮಿಷ. ಆದರೆ ವಿಧಾನದ ಅಧ್ಯಾಯದಲ್ಲಿ, ತೊಟ್ಟಿಗೆ ಗಾಳಿ ಊದುವ ಬ್ಲೋವರ್‌ನ ದೊಡ್ಡ ದುರಸ್ತಿಗೆ ತಯಾರಕರ ಬೆಂಗಳೂರಿನ ಸೇವಾ ಕೇಂದ್ರದಿಂದ ಭಾಗ ತರಿಸಲು 24ರಿಂದ 48 ಗಂಟೆ ಬೇಕು ಎಂದು ಎಂಜಿನಿಯರ್ ಪ್ರಾಮಾಣಿಕವಾಗಿ ಬರೆದಿದ್ದರು. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿ ಮುಚ್ಚಿದರೆ ಅದಕ್ಕಿಂತಲೂ ತಡ. ಇವೆರಡೂ ಒಂದೇ ಕಡತದಲ್ಲಿ ಬದುಕಲಾರವು. 99 ಅನ್ನು ಕಿತ್ತು 95 ಇಟ್ಟೆವು. ಅದನ್ನು ನಂಬುವಂತೆ ಮಾಡುವ ಸಂಗತಿ ಹೇಗೂ ನಮ್ಮಲ್ಲಿತ್ತು: ಘಟಕದಲ್ಲಿ ಎರಡು ಬ್ಲೋವರ್ ಇದ್ದು ಒಂದು ಸದಾ ಮೀಸಲು, ಬೆಲ್ಟ್, ಬೇರಿಂಗ್ ಮತ್ತು ಒಂದು ಜೊತೆ ಡಿಫ್ಯೂಸರ್ ಪೊರೆಗಳನ್ನು ಮೇ ತಿಂಗಳೊಳಗೆ ಸ್ಥಳದಲ್ಲೇ ದಾಸ್ತಾನು ಮಾಡುತ್ತಾರೆ. ಬರಿಯ 99ಕ್ಕಿಂತ, ಕಾರಣ ಸಹಿತವಾದ 95 ಓದುವವರಿಗೆ ಹೆಚ್ಚು ತೂಕದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉಳಿದವು ಹಳೆಯ ಉತ್ತರಗಳಿಂದ ಅಂಟಿಸಿಕೊಂಡು ಬಂದವು. ಹೊರಹೋಗುವ ನೀರಿನ ಬಿಒಡಿ, ಅಂದರೆ ಅದರಲ್ಲಿ ಉಳಿದ ಸಾವಯವ ಕೊಳೆಯ ಅಳತೆ, ಲೀಟರಿಗೆ 10 ಮಿಲಿಗ್ರಾಂ ಮೀರಬಾರದು ಎಂದು ಟೆಂಡರ್ ಕೇಳಿದರೆ, ಖಾತರಿಯ ಪುಟದಲ್ಲಿ ಬೇರೊಂದು ಘಟಕಕ್ಕೆ ಬರೆದಿದ್ದ 20 ಉಳಿದುಕೊಂಡಿತ್ತು. ಇನ್ನೊಂದು ಕಡೆ ಪ್ರತಿ ಕಿಲೋಲೀಟರಿಗೆ ತಗಲುವ ವೆಚ್ಚವನ್ನು ಹೆಮ್ಮೆಯಿಂದ ನಮೂದಿಸಿದ್ದರು. ತಾಂತ್ರಿಕ ಲಕೋಟೆಯಲ್ಲಿ ದರದ ಸುಳಿವು ಸಿಕ್ಕರೆ ಉತ್ತರವೇ ತಿರಸ್ಕೃತವಾಗುತ್ತದೆ. ಆ ಸಾಲನ್ನು ಮೊದಲ ದಿನವೇ ಅಳಿಸಿದೆ.

ಅನುಸರಣೆ ಪಟ್ಟಿ

ಟೆಂಡರಿನಿಂದ ಕಡ್ಡಾಯದ ಸಾಲುಗಳನ್ನು ಮೊದಲು ಹೆಕ್ಕಿದೆ:

```
pdftotext -layout tender.pdf tender.txt
grep -n -i -E "shall|must|required to" tender.txt
```

ಇದು ಆರಂಭ ಮಾತ್ರ. ಕೋಷ್ಟಕದ ಅಡಿಟಿಪ್ಪಣಿಯಲ್ಲಿ, ಅನುಬಂಧದ ನಮೂನೆಯಲ್ಲಿ, ತಿದ್ದೋಲೆಯಲ್ಲಿ ಬೇಡಿಕೆಗಳು ಬೇರೆ ಮಾತಿನಲ್ಲಿ ಅಡಗಿರುತ್ತವೆ. ಹಾಗಾಗಿ ಟೆಂಡರನ್ನು ಮೊದಲಿನಿಂದ ಕೊನೆಯವರೆಗೆ ಪೆನ್ಸಿಲ್ ಹಿಡಿದು ಓದುವುದನ್ನು ಈ ಆಜ್ಞೆ ತಪ್ಪಿಸುವುದಿಲ್ಲ.

ಸಿಬ್ಬಂದಿಯ ಷರತ್ತು ಹೀಗಿತ್ತು: ಗುತ್ತಿಗೆದಾರರು ಪ್ರತಿ ಪಾಳಿಗೆ ಒಬ್ಬ ತರಬೇತಿ ಪಡೆದ ಆಪರೇಟರನ್ನು ಇರಿಸತಕ್ಕದ್ದು, ಹಾಜರಾತಿಯ ದಾಖಲೆ ಇಡತಕ್ಕದ್ದು ಮತ್ತು ರಜೆಯ ದಿನಗಳ ಬದಲಿ ವ್ಯವಸ್ಥೆಯನ್ನು ತಿಳಿಸತಕ್ಕದ್ದು. ಇದಕ್ಕೆ ಕರಡಿನಲ್ಲಿದ್ದ ಉತ್ತರ: "ಗಮನಿಸಿದ್ದೇವೆ. ನಮ್ಮ ಸಂಸ್ಥೆಯು ನುರಿತ, ಅನುಭವಿ ಹಾಗೂ ಸಮರ್ಪಿತ ಸಿಬ್ಬಂದಿಯನ್ನು ಹೊಂದಿದ್ದು ಗ್ರಾಹಕರ ಸಂತೃಪ್ತಿಯೇ ನಮ್ಮ ಧ್ಯೇಯವಾಗಿದೆ."

ಗಮನಿಸಿದ್ದೇವೆ ಎಂಬ ಮಾತು ಅನುಸರಣೆ ಪಟ್ಟಿಯಲ್ಲಿ ಇರಲೇಬಾರದು. ಓದಿದ್ದೇವೆ ಎಂದು ಅದು ಹೇಳುತ್ತದೆ, ಮಾಡುತ್ತೇವೆ ಎಂದು ಹೇಳುವುದಿಲ್ಲ. ಕಟ್ಟುನಿಟ್ಟಿನ ಮೌಲ್ಯಮಾಪಕರು ಅದನ್ನು ಒಪ್ಪಿಗೆಯಲ್ಲ ಎಂದು ಗುರುತು ಹಾಕಿದರೆ ತಪ್ಪು ಹೇಳಲಾಗದು. ಇನ್ನೊಂದು ದೋಷ, ಷರತ್ತಿನಲ್ಲಿ ಮೂರು ಬೇಡಿಕೆಗಳಿದ್ದರೂ ಉತ್ತರ ಒಂದಕ್ಕೂ ಇಲ್ಲ. ಷರತ್ತನ್ನು ಮೂರು ಸಾಲಾಗಿ ಒಡೆದು ಒಂದೊಂದಕ್ಕೂ ಉತ್ತರ ಕೊಟ್ಟೆ. ಮೊದಲ ಪದ ತೀರ್ಪು, ಆಮೇಲೆ ಸಂಗತಿ, ಕೊನೆಗೆ ಪುಟ:

"ಒಪ್ಪಿದ್ದೇವೆ. ಪ್ರತಿ ಪಾಳಿಗೆ ಒಬ್ಬರು. ಒಟ್ಟು ನಾಲ್ವರು ಆಪರೇಟರುಗಳು. ತರಬೇತಿಯ ವಿವರ ಪುಟ __."
"ಒಪ್ಪಿದ್ದೇವೆ. ಪಾಳಿವಾರು ಹಾಜರಾತಿ ಪುಸ್ತಕ ಘಟಕದಲ್ಲಿರುತ್ತದೆ. ಮಾದರಿ ಪುಟ __."
"ಒಪ್ಪಿದ್ದೇವೆ. ವಾರದ 21 ಪಾಳಿಗೆ 24 ಪಾಳಿಯಷ್ಟು ಸಿಬ್ಬಂದಿ ಲಭ್ಯ. ಪಾಳಿಪಟ್ಟಿ ಪುಟ __."

ಪುಟಸಂಖ್ಯೆಯ ಜಾಗ ಈ ಹಂತದಲ್ಲಿ ಖಾಲಿಯೇ ಇರಲಿ. ಈಗ ತುಂಬಿದರೆ ಕಡಿದ ಮೇಲೆ ಎಲ್ಲವೂ ತಪ್ಪುತ್ತದೆ.

ಇಲ್ಲ ಎಂದು ಹೇಳಬೇಕಾದ ಸಾಲೊಂದಿತ್ತು. ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಪಡೆದ ಸ್ವಂತ ಪ್ರಯೋಗಾಲಯ ಇರುವುದು ಅಪೇಕ್ಷಣೀಯ ಎಂದು ಟೆಂಡರ್ ಹೇಳಿತ್ತು. ಕಡ್ಡಾಯವಲ್ಲ. ಇವರಿಗೆ ಅದು ಇಲ್ಲ. ಕರಡಿನ ಅನುಸರಣೆ ಪಟ್ಟಿ "ಅಗತ್ಯವಿದ್ದಂತೆ ವ್ಯವಸ್ಥೆ ಮಾಡಲಾಗುವುದು" ಎಂದು ಜಾರಿಕೊಂಡಿತ್ತು. ಸಂಸ್ಥೆಯ ಪರಿಚಯದಲ್ಲಿ "ನಮ್ಮ ಸುಸಜ್ಜಿತ ಪ್ರಯೋಗಾಲಯ" ಎಂಬ ಮಾತಿತ್ತು. ವ್ಯವಸ್ಥಾಪಕರಿಗೆ ಇಲ್ಲ ಎಂದು ಬರೆಯಲು ಮನಸ್ಸಿರಲಿಲ್ಲ. ಅಪೇಕ್ಷಣೀಯ ಷರತ್ತಿಗೆ ಇಲ್ಲ ಎಂದರೆ ಹೋಗುವುದು ಹೆಚ್ಚೆಂದರೆ ಒಂದೆರಡು ಅಂಕ; ಇಲ್ಲದ್ದನ್ನು ಇದೆ ಎಂದು ಸೂಚಿಸಿ ಸಿಕ್ಕಿಬಿದ್ದರೆ ಸುಳ್ಳು ಮಾಹಿತಿಯ ಷರತ್ತಿನಡಿ ಇಡೀ ಉತ್ತರವೇ ಹೋಗುತ್ತದೆ ಎಂದು ವಿವರಿಸಿದೆ. ಕೊನೆಗೆ ಹೀಗೆ ಬರೆದೆವು: "ಇಲ್ಲ. ಪಿಎಚ್, ಕರಗಿದ ಆಮ್ಲಜನಕ ಮತ್ತು ಕೆಸರಿನ ಸಾಂದ್ರತೆ ತೋರಿಸುವ ಎಂಎಲ್‌ಎಸ್‌ಎಸ್ ಪರೀಕ್ಷೆ ಘಟಕದಲ್ಲೇ ಪ್ರತಿದಿನ. ಬಿಒಡಿ ಸೇರಿ ಉಳಿದವು ತಿಂಗಳಿಗೊಮ್ಮೆ ಎನ್‌ಎಬಿಎಲ್ ಮಾನ್ಯತೆಯ ಹೊರ ಪ್ರಯೋಗಾಲಯದಲ್ಲಿ." ಸುಸಜ್ಜಿತ ಪ್ರಯೋಗಾಲಯ ಪರಿಚಯದಿಂದ ಹೋಯಿತು.

ವಿಧಾನದ ಅಧ್ಯಾಯದಲ್ಲಿ ಅಡಗಿದ್ದ ಒಂದು "ಆದರೆ"ಯನ್ನೂ ಇಲ್ಲೇ ತೆಗೆದೆ. ಸೋಂಕು ನಿವಾರಣೆಗೆ ಬೇಕಾದ ಸೋಡಿಯಂ ಹೈಪೊಕ್ಲೋರೈಟ್ ಗ್ರಾಹಕರು ಒದಗಿಸಿದಲ್ಲಿ ನಾವು ಹಾಕುತ್ತೇವೆ ಎಂದಿತ್ತು. ಎಲ್ಲ ರಾಸಾಯನಿಕಗಳೂ ದರದಲ್ಲಿ ಸೇರಿರಬೇಕು ಎಂಬುದು ಟೆಂಡರಿನ ಷರತ್ತು, ಅನುಸರಣೆ ಪಟ್ಟಿ ಒಪ್ಪಿತ್ತು, ದರದಲ್ಲಿಯೂ ಸೇರಿತ್ತು. ಆ ಒಂದು ವಾಕ್ಯ ಮಾತ್ರ ಇಡೀ ಉತ್ತರವನ್ನು ಷರತ್ತುಬದ್ಧ ಬಿಡ್ ಆಗಿಸಿ ತಿರಸ್ಕಾರಕ್ಕೆ ದಾರಿ ಮಾಡುತ್ತಿತ್ತು. ಇಂಥವನ್ನು ಹುಡುಕಲು `subject to`, `provided that`, `if supplied` ಎಂಬ ಪದಗುಚ್ಛಗಳನ್ನು ಪಠ್ಯದಲ್ಲಿ ಹುಡುಕಿದರೆ ಹೆಚ್ಚಿನವು ಸಿಗುತ್ತವೆ.

ಕತ್ತರಿ

ಈಗ ಪುಟಗಳು. 63 ಪುಟ ಹಂಚಿದ್ದ ರೀತಿ ಹೀಗಿತ್ತು: ಸಂಸ್ಥೆಯ ಪರಿಚಯ 14, ಅನುಭವ 16, ವಿಧಾನ 18, ಸಿಬ್ಬಂದಿ 9, ಮಳೆಗಾಲ 2, ಇತರೆ 4. ಶೂನ್ಯ ಅಂಕದ ಪರಿಚಯಕ್ಕೆ 14 ಪುಟ, 20 ಅಂಕದ ಮಳೆಗಾಲಕ್ಕೆ ಎರಡೇ ಪುಟ. ಇದನ್ನು ಹೇಳಿದ ಮೇಲೆ ಎಲ್ಲಿ ಕಡಿಯುವುದು ಎಂಬ ಪ್ರಶ್ನೆಯನ್ನು ಯಾರೂ ಮತ್ತೆ ಕೇಳಲಿಲ್ಲ. ಅಂಕದ ಪ್ರಮಾಣಕ್ಕೆ ಸರಿಯಾಗಿ ಹೊಸ ಹಂಚಿಕೆ ಮಾಡಿದೆ: ವಿಧಾನ 15, ಸಿಬ್ಬಂದಿ 9, ಮಳೆಗಾಲ 7, ಅನುಭವ 6, ಮೊದಲಿಗೆ ಎರಡು ಪುಟದ ಸಾರ. ಒಟ್ಟು 39. ಒಂದು ಪುಟವನ್ನು ಬೇಕೆಂದೇ ಬಿಟ್ಟೆ. ಕೊನೆಯ ಗಳಿಗೆಯಲ್ಲಿ ಒಂದು ಕೋಷ್ಟಕ ಎರಡು ಸಾಲು ಬೆಳೆದರೂ ಕಡತ 41ಕ್ಕೆ ಹೋಗಬಾರದು.

ಅಕ್ಷರ ಕಿರಿದು ಮಾಡುವುದು, ಅಂಚು ಒತ್ತುವುದು, ಪಠ್ಯವನ್ನು ಅನುಬಂಧಕ್ಕೆ ದೂಡುವುದು ಬೇಡವೆಂದೆ. ಮೊದಲೆರಡನ್ನು ನಿಯಮ ತಡೆಯುತ್ತದೆ. ಮೂರನೆಯದನ್ನು ಯಾರೂ ತಡೆಯುವುದಿಲ್ಲ, ಆದರೆ ಅಂಕ ಕೊಡುವವರು ಅನುಬಂಧದಲ್ಲಿ ಪ್ರಮಾಣಪತ್ರ ಮಾತ್ರ ಹುಡುಕುತ್ತಾರೆ. ಅಲ್ಲಿಗೆ ಹೋದ ವಾದ ಓದುಗರಿಲ್ಲದೆ ಉಳಿಯುತ್ತದೆ.

ಪರಿಚಯದ 14 ಪುಟಗಳಲ್ಲಿ ಉಳಿದದ್ದು ಸಾರದೊಳಗಿನ ಅರ್ಧ ಪುಟ. ಅನುಭವದಲ್ಲಿ ಉಳಿದ ಎಲ್ಲ ಕೆಲಸಗಳನ್ನೂ ಬಿಟ್ಟು, ಈ ಘಟಕವನ್ನು ಹೋಲುವ ಮೂರನ್ನು ಇಟ್ಟು ಒಂದೊಂದಕ್ಕೆ ಎರಡು ಪುಟ ಕೊಟ್ಟೆವು. ಇವೆರಡು ಸುಲಭದ ಕೆಲಸ.

ನಿಜವಾದ ಶ್ರಮ ಮಳೆಗಾಲದ ಅಧ್ಯಾಯದ್ದು, ಯಾಕೆಂದರೆ ಅಲ್ಲಿ ಬೆಳೆಸಬೇಕಿತ್ತು. ಕರಡು ಹೀಗೆ ಆರಂಭವಾಗುತ್ತಿತ್ತು: "ಕರಾವಳಿಯ ಭಾರೀ ಮಳೆಯನ್ನು ಎದುರಿಸಲು ನಮ್ಮ ತಂಡ ಸರ್ವಸನ್ನದ್ಧವಾಗಿದ್ದು, ಅತ್ಯಾಧುನಿಕ ಕ್ರಮಗಳನ್ನು ಕೈಗೊಳ್ಳಲಿದೆ." ಎಂಜಿನಿಯರನ್ನು ಕೂರಿಸಿಕೊಂಡು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟಕದಲ್ಲಿ ನಿಜವಾಗಿ ಏನಾಗುತ್ತದೆ ಎಂದು ಕೇಳಿದೆ. ಅವರು ಒಂದೇ ಉಸಿರಿಗೆ ಹೇಳಿದರು: ಮ್ಯಾನ್‌ಹೋಲ್ ಮುಚ್ಚಳದ ಸಂದಿಯಿಂದಲೂ ಕೊಳವೆಯ ಕೀಲುಗಳಿಂದಲೂ ಮಳೆನೀರು ಒಳಚರಂಡಿಗೆ ಇಳಿಯುತ್ತದೆ; ಹರಿವು ಏರುತ್ತದೆ; ತಿಳಿಗೊಳಿಸುವ ತೊಟ್ಟಿಯಲ್ಲಿ ಕೆಸರು ಕೂರಲು ಸಮಯ ಸಾಲದೆ ನೀರಿನ ಜೊತೆ ಹೊರಗೆ ಹರಿಯುತ್ತದೆ; ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಇರುವುದು ಆ ಕೆಸರಿನಲ್ಲೇ; ಅದು ಹೋದರೆ ಮಳೆ ನಿಂತ ಮೇಲೂ ಬಹಳ ದಿನ ಘಟಕ ಚೇತರಿಸಿಕೊಳ್ಳುವುದಿಲ್ಲ. ಇದರಲ್ಲಿ ಒಂದು ಅಕ್ಷರವೂ ಕಡತದಲ್ಲಿರಲಿಲ್ಲ.

ಅವರ ಮಾತನ್ನೇ ಆಧಾರವಾಗಿಟ್ಟು ಬರೆದೆವು: "ಭಾರೀ ಮಳೆಯ ದಿನ ಈ ಘಟಕಕ್ಕೆ ಇರುವ ಮುಖ್ಯ ಅಪಾಯ, ಹೆಚ್ಚಿದ ಹರಿವಿನಲ್ಲಿ ಕೆಸರು ಕೊಚ್ಚಿಹೋಗುವುದು. ಮೇ ತಿಂಗಳಲ್ಲಿ ಮ್ಯಾನ್‌ಹೋಲ್ ಮುಚ್ಚಳಗಳ ಸಂದಿ ಮುಚ್ಚುತ್ತೇವೆ. ಜೂನ್ 1ರಿಂದ ಒಳಹರಿವಿನ ಮೀಟರನ್ನು ಪ್ರತಿ ಪಾಳಿಯಲ್ಲೂ ದಾಖಲಿಸುತ್ತೇವೆ. ಮಳೆ ಮುನ್ಸೂಚನೆ ಇದ್ದ ದಿನ ಒಳಹರಿವನ್ನು ಮೊದಲು ಹಿಡಿದಿಡುವ ಸಮೀಕರಣ ತೊಟ್ಟಿಯ ಮಟ್ಟವನ್ನು ಮೊದಲೇ ಇಳಿಸಿಡುತ್ತೇವೆ. ಹರಿವು ಏರಿದಾಗ ಕೆಸರು ಹಿಂದಿರುಗಿಸುವ ಪಂಪ್ ನಿಲ್ಲಿಸುವುದಿಲ್ಲ." ಪ್ರತಿ ಕ್ರಮಕ್ಕೂ ಯಾರು ಹೊಣೆ, ಯಾವ ದಾಖಲೆಯಲ್ಲಿ ಕಾಣುತ್ತದೆ ಎಂಬ ಕೋಷ್ಟಕ ಮುಂದಿನ ಪುಟದಲ್ಲಿ. ಹೊಗಳಿಕೆಯ ವಿಶೇಷಣ ಒಂದೂ ಇಲ್ಲದ ಆ ಅಧ್ಯಾಯವೇ ಇಡೀ ಕಡತದಲ್ಲಿ ಹೆಚ್ಚು ಮನವೊಲಿಸುವಂಥದ್ದು ಎಂದು ನಾನು ನಂಬುತ್ತೇನೆ.

ಹೊಸದಾಗಿ ಬರೆದದ್ದು ಹೊಸ ವಿರೋಧವನ್ನೂ ತರುತ್ತದೆ. ಪ್ರತಿ ಪಾಳಿಯ ಮೀಟರ್ ದಾಖಲೆ ಎಂದೆವಲ್ಲ, ವಿಧಾನದ ಅಧ್ಯಾಯದಲ್ಲಿ ಅದೇ ಮೀಟರಿಗೆ ದಿನಕ್ಕೊಮ್ಮೆ ಎಂದಿತ್ತು. ಮಳೆಗಾಲದಲ್ಲಿ ಪ್ರತಿ ಪಾಳಿ, ಉಳಿದ ತಿಂಗಳಲ್ಲಿ ದಿನಕ್ಕೊಮ್ಮೆ ಎಂದು ಸಂಗತಿಗಳ ಹಾಳೆಯಲ್ಲಿ ಬರೆದು, ಎರಡೂ ಕಡೆ ಅದೇ ಮಾತನ್ನು ಇಟ್ಟೆವು. ಹಾಳೆಗೆ ಬಾರದ ಸಂಖ್ಯೆ ಕಡತಕ್ಕೆ ಹೋಗಬಾರದು ಎಂಬ ನಿಯಮವನ್ನು ಈ ಹಂತದಲ್ಲಿ ಸಡಿಲಿಸಿದರೆ ಮೊದಲಿನ ಶ್ರಮ ವ್ಯರ್ಥ.

ಕೊನೆಯ ಸುತ್ತು

ಪಠ್ಯ ನಿಂತ ಮೇಲೆ ಪುಟಸಂಖ್ಯೆಗಳನ್ನು ತುಂಬಿದೆವು. ಅನುಸರಣೆ ಪಟ್ಟಿಯ ಪ್ರತಿ ಉಲ್ಲೇಖವನ್ನೂ ಒಬ್ಬರು ಓದಿ, ಇನ್ನೊಬ್ಬರು ಮುದ್ರಿತ ಪುಟ ತೆರೆದು ಬೆರಳಿಟ್ಟು ತೋರಿಸಿದರು. ದರದ ಲಕೋಟೆಯನ್ನು ಮೇಡಂ ತಾವೇ ಇಟ್ಟುಕೊಂಡು, ಸಂಗತಿಗಳ ಹಾಳೆಯ ಸಾಲುಗಳನ್ನು ಒಂದೊಂದಾಗಿ ಕೇಳಿ ಹೊಂದಿಸಿದರು: ಆಪರೇಟರುಗಳು ನಾಲ್ಕು, ರಾಸಾಯನಿಕ ನಮ್ಮದು, ಹೊರ ಪ್ರಯೋಗಾಲಯದ ಶುಲ್ಕ ನಮ್ಮದು, ವಿದ್ಯುತ್ ಕಾಲೇಜಿನದು. ಹೊರ ಪ್ರಯೋಗಾಲಯದ ಶುಲ್ಕ ದರದಲ್ಲಿ ಬಿಟ್ಟುಹೋಗಿದ್ದು ತಿಳಿದದ್ದು ಆಗ. ಇಲ್ಲ ಎಂಬ ನೇರ ಉತ್ತರ ಬರೆಯದೆ ಇದ್ದಿದ್ದರೆ ಆ ಖರ್ಚು ಮೂರು ವರ್ಷ ಅವರ ತಲೆಯ ಮೇಲೆಯೇ ಬೀಳುತ್ತಿತ್ತು. ದರ ತಿದ್ದಿದರು.

ಪುಟಗಳ ಎಣಿಕೆಯನ್ನು ಕಡೆಯ ಪಿಡಿಎಫ್‌ನಲ್ಲೇ ನೋಡಬೇಕು. ಬರೆಯುವ ತಂತ್ರಾಂಶ ತೋರಿಸುವ ಸಂಖ್ಯೆಯಲ್ಲಿ ಮುಖಪುಟ, ಖಾಲಿ ಪುಟ ಸೇರಿದ್ದೂ ಇರಬಹುದು, ಬಿಟ್ಟದ್ದೂ ಇರಬಹುದು.

```
pdfinfo technical.pdf | grep Pages
```

39 ಎಂದು ಬಂತು. ಮುದ್ರಿತ ಪ್ರತಿಗೂ ಪೆನ್‌ಡ್ರೈವ್‌ನ ಪ್ರತಿಗೂ ವ್ಯತ್ಯಾಸವಿದ್ದರೆ ಮುದ್ರಿತವೇ ಅಂತಿಮ ಎಂದು ಟೆಂಡರ್ ಹೇಳಿದ್ದರಿಂದ ಎರಡನ್ನೂ ಇದೇ ಪಿಡಿಎಫ್‌ನಿಂದ ತೆಗೆದು, ಪ್ರತಿ ಪುಟಕ್ಕೂ ವ್ಯವಸ್ಥಾಪಕರ ಸಹಿ ಹಾಕಿಸಿ ಲಕೋಟೆ ಅಂಟಿಸಿದೆವು. ಸಂಗತಿಗಳ ಹಾಳೆ ಸಂಸ್ಥೆಯಲ್ಲೇ ಉಳಿಯಿತು. ಕೆಲಸ ಸಿಕ್ಕರೆ ಘಟಕದ ಮೇಲ್ವಿಚಾರಕರಿಗೆ ಮೊದಲು ಕೊಡಬೇಕಾದ ಕಾಗದ ಅದೇ ಎಂದು ಎಂಜಿನಿಯರ್ ಅದರ ಮೇಲೆ ಬರೆದಿಟ್ಟಿದ್ದಾರೆ.